ಮರದ ಹೊಟ್ಟು ಮತ್ತು 2031

1973ರ ನವೆಂಬರ್ 3ರಂದು ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣದಿಂದ ಪ್ಯಾನ್ ಆಮ್ ಕಂಪನಿಯ ಬೋಯಿಂಗ್ 707 ಸರಕು ವಿಮಾನವೊಂದು ಸ್ಕಾಟ್ಲೆಂಡಿನತ್ತ ಹಾರಿತು. ಅರ್ಧ ಗಂಟೆಯಾಗುವಷ್ಟರಲ್ಲಿ ಹೊಗೆ ಕಾಣಿಸಿಕೊಂಡಿತು. ಪೈಲಟ್‌ಗಳು ವಿಮಾನವನ್ನು ಬಾಸ್ಟನ್ ಕಡೆಗೆ ತಿರುಗಿಸಿದರು. ಹೊಗೆ ಕಾಕ್‌ಪಿಟ್ಟನ್ನೇ ತುಂಬಿಕೊಂಡಿತು. ಇನ್ನೇನು ರನ್‌ವೇ ಸಿಕ್ಕಿತು ಎನ್ನುವಾಗ ವಿಮಾನ ನೆಲಕ್ಕಪ್ಪಳಿಸಿ, ಒಳಗಿದ್ದ ಮೂವರು ಸಿಬ್ಬಂದಿಯೂ ಸತ್ತರು.

ತನಿಖೆ ಮಾಡಿದವರಿಗೆ ಇದರ ಹಿಂದೆ ಬಾಂಬೂ ಕಾಣಲಿಲ್ಲ, ಎಂಜಿನ್ ದೋಷವೂ ಕಾಣಲಿಲ್ಲ. ಕಂಡದ್ದು ಮರದ ಹೊಟ್ಟು. ಸರಕಿನಲ್ಲಿ ನೈಟ್ರಿಕ್ ಆ್ಯಸಿಡ್ ತುಂಬಿದ ಗಾಜಿನ ಬಾಟಲಿಗಳಿದ್ದವು. ಬಾಟಲಿ ಒಡೆಯದಿರಲೆಂದು ಸುತ್ತ ಮರದ ಹೊಟ್ಟು ತುಂಬಿದ್ದರು. ಸೋರಿದ ಆ್ಯಸಿಡ್ ಹೊಟ್ಟಿಗೆ ತಾಗಿತು. ಹೊಟ್ಟು ತಾನೇ ಕಾದು ಹೊಗೆಯಾಡತೊಡಗಿತು. ಕಿಡಿಯೊಂದನ್ನೂ ಯಾರೂ ಹಚ್ಚಿರಲಿಲ್ಲ.

ಐವತ್ತು ವರ್ಷ ದಾಟಿದ ಈ ಘಟನೆಯನ್ನು ಈಗ ಹೇಳಲು ಕಾರಣವಿದೆ. ಸರಕು ಸಾಗಣೆ ಕಚೇರಿಯಲ್ಲಿ ಅಪಾಯಕಾರಿ ಸರಕಿನ ಕಾಗದ ನೋಡುವ ನನ್ನಂಥವರಿಗೆ ಇವತ್ತಿಗೂ ಗೋಡೌನಿನ ಮೂಲೆಯಲ್ಲಿ ಹೊಟ್ಟಿನ ಚೀಲ ಸಿಗುತ್ತದೆ. ಒಮ್ಮೆ ಒಬ್ಬ ಮೇಸ್ತ್ರಿಗೆ ಅದನ್ನು ತೆಗೆಸಿ ಎಂದೆ. "ಸಾರ್, ಇದೇನ್ ಪೆಟ್ರೋಲಾ? ಆ್ಯಸಿಡ್ ತಾನೇ, ಹತ್ಕೊಳೋ ಮಾಲಲ್ವಲ್ಲ. ಚೆಲ್ಲಿದ್ರೆ ಹೊಟ್ಟು ಹಾಕಿದ್ರಾಯ್ತು, ಹೀರ್ಕೊಳ್ಳುತ್ತೆ" ಅಂದ. ಅವನ ಮಾತಿನ ಮೊದಲರ್ಧ ನಿಜ. ನೈಟ್ರಿಕ್ ಆ್ಯಸಿಡ್ ಹತ್ತಿಕೊಳ್ಳುವುದಿಲ್ಲ. ಆದರೆ ಪಕ್ಕದಲ್ಲಿದ್ದದ್ದನ್ನು ಹತ್ತಿಸುತ್ತದೆ. ಅದರೊಳಗೆ ಆಮ್ಲಜನಕ ಬೇಕಾದಷ್ಟಿದೆ. ಮರ, ಕಾಗದ, ಹತ್ತಿ, ಗೋಣಿಚೀಲ, ಥಿನ್ನರ್ ಯಾವುದು ಸಿಕ್ಕರೂ ಅದಕ್ಕೆ ಆಮ್ಲಜನಕ ಒಪ್ಪಿಸುತ್ತದೆ, ಬಿಸಿ ಏರಿಸುತ್ತದೆ, ಜೊತೆಗೆ ಕಂದು ಬಣ್ಣದ ವಿಷಾನಿಲ ಬಿಡುತ್ತದೆ. ಈ ಗುಣಕ್ಕೆ ಉತ್ಕರ್ಷಕ ಗುಣ ಎನ್ನುತ್ತಾರೆ.

ಇಂಥ ಗುಣವನ್ನು ಮೇಸ್ತ್ರಿಗೆ, ಲಾರಿ ಡ್ರೈವರಿಗೆ, ಹಡಗಿನ ಅಧಿಕಾರಿಗೆ, ಅಗ್ನಿಶಾಮಕದವನಿಗೆ ಯಾರು ಹೇಳಬೇಕು? ಅವರಲ್ಲಿ ಯಾರೂ ಕ್ಯಾನಿನ ಮುಚ್ಚಳ ತೆರೆಯುವವರಲ್ಲ, ರಸಾಯನಶಾಸ್ತ್ರ ಓದಿದವರೂ ಅಲ್ಲ. ಅಪಾಯಕಾರಿ ಸರಕಿನ ನಿಯಮಗಳೆಲ್ಲ ಹುಟ್ಟಿದ್ದು ಈ ಪ್ರಶ್ನೆಯಿಂದ. ಉತ್ತರ ಮೂರು ಕಡೆ ಇರುತ್ತದೆ: ಸೇಫ್ಟಿ ಡೇಟಾ ಶೀಟ್ ಎಂಬ ಕಾಗದದಲ್ಲಿ, ಕ್ಯಾನಿನ ಮೈಮೇಲಿನ ಅಚ್ಚಿನಲ್ಲಿ, ಅದರ ಮೇಲೆ ಅಂಟಿಸಿದ ಲೇಬಲ್ಲಿನಲ್ಲಿ. ಮೂರೂ ಒಂದೇ ಮಾತು ಹೇಳುತ್ತಿದ್ದರೆ ಸರಕು ಹೊರಡಬಹುದು. ಕಷ್ಟವೆಂದರೆ, ಎಷ್ಟೋ ಸಲ ಅವು ಬೇರೆ ಬೇರೆ ಮಾತಾಡುತ್ತಿರುತ್ತವೆ.

ಒಂದು ಸರಕನ್ನೇ ಇಟ್ಟುಕೊಂಡು ನೋಡೋಣ. ಬೆಂಗಳೂರಿನ ವ್ಯಾಪಾರಿಯೊಬ್ಬ ಪೂರ್ವ ಆಫ್ರಿಕಾದ ಗಿರಾಕಿಗೆ 68 ಶೇಕಡಾ ಸಾಂದ್ರತೆಯ ನೈಟ್ರಿಕ್ ಆ್ಯಸಿಡ್ ಕಳಿಸಬೇಕಾಗಿದೆ ಎನ್ನಿ. 35 ಲೀಟರಿನ ಪ್ಲಾಸ್ಟಿಕ್ ಕ್ಯಾನುಗಳು, ಒಟ್ಟು 200. ನೀರಿಗಿಂತ ಭಾರವಾದ ದ್ರವವಾದ್ದರಿಂದ ಒಂದು ಕ್ಯಾನಿನೊಳಗೆ 49 ಕಿಲೋ ಆ್ಯಸಿಡ್ ಇರುತ್ತದೆ. ಎಲ್ಲ ಸೇರಿ ಹತ್ತು ಟನ್‌ಗೆ ಸ್ವಲ್ಪ ಕಡಿಮೆ. ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ಡಿಪೋದಿಂದ ಚೆನ್ನೈ ಬಂದರು, ಅಲ್ಲಿಂದ ಹಡಗು.

68 ಎಂಬ ಅಂಕಿ ಯಾರೋ ಮನಸ್ಸಿಗೆ ಬಂದಂತೆ ಇಟ್ಟದ್ದಲ್ಲ. ಆ್ಯಸಿಡ್ಡನ್ನೂ ನೀರನ್ನೂ ಸೇರಿಸಿ ಕುದಿಸಿದರೆ ಸುಮಾರು 68 ಶೇಕಡಾದಲ್ಲಿ ಎರಡೂ ಒಟ್ಟಿಗೇ ಆವಿಯಾಗತೊಡಗುತ್ತವೆ. ಬರೀ ಕಾಯಿಸಿ ಅದಕ್ಕಿಂತ ಗಟ್ಟಿ ಮಾಡಲು ಆಗುವುದಿಲ್ಲ. ಹಾಗಾಗಿ ಮಾರುಕಟ್ಟೆಯಲ್ಲಿ ಸಿಗುವ ಗಟ್ಟಿ ನೈಟ್ರಿಕ್ ಆ್ಯಸಿಡ್ ಸಾಮಾನ್ಯವಾಗಿ ಇದರ ಆಸುಪಾಸಿನದೇ.

ಮೊದಲ ಕೆಲಸ ವರ್ಗೀಕರಣ. ಜಗತ್ತಿನ ಅಪಾಯಕಾರಿ ಸರಕುಗಳಿಗೆಲ್ಲ ವಿಶ್ವಸಂಸ್ಥೆಯ ತಜ್ಞರ ಸಮಿತಿ ನಾಲ್ಕಂಕಿಯ ಸಂಖ್ಯೆ ಕೊಟ್ಟಿದೆ. ಗುಣಕ್ಕೆ ತಕ್ಕಂತೆ ಒಂಬತ್ತು ವರ್ಗಗಳೂ ಇವೆ: ಸ್ಫೋಟಕ ಒಂದು, ಅನಿಲ ಎರಡು, ಉರಿಯುವ ದ್ರವ ಮೂರು, ಹೀಗೆ. ಹಡಗಿನಲ್ಲಿ ಹೋಗುವುದಕ್ಕೆ ಐಎಂಡಿಜಿ ಕೋಡ್ ಎಂಬ ಅಂತರರಾಷ್ಟ್ರೀಯ ನಿಯಮಾವಳಿಯಿದೆ, 2004ರ ಜನವರಿಯಿಂದ ಅದು ಕಡ್ಡಾಯ. ವಿಮಾನಕ್ಕೆ ಬೇರೆಯದೇ ಪುಸ್ತಕ, ಅದು ಇನ್ನೂ ಬಿಗಿ. ಆದರೆ ನಾಲ್ಕಂಕಿ ಮಾತ್ರ ಎಲ್ಲೆಡೆ ಒಂದೇ. ಹಣ್ಣಿನ ಮಂಡಿಯವರಿಗೆ ಪರಿಚಯವಿರುವ ಕಾರ್ಬೈಡ್ 1402. ಅದು 4.3ನೆಯ ವರ್ಗದ್ದು, ಎಂದರೆ ನೀರು ತಾಗಿದರೆ ಉರಿಯುವ ಅನಿಲ ಬಿಡುವಂಥದ್ದು. 2025ರ ಮೇ ತಿಂಗಳಲ್ಲಿ ಕೊಚ್ಚಿ ಬಳಿ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿದಾಗ ಅದರಲ್ಲಿದ್ದ 640 ಕಂಟೇನರುಗಳ ಪೈಕಿ ಹನ್ನೆರಡರಲ್ಲಿ ಇದೇ ಕಾರ್ಬೈಡ್ ಇತ್ತು. ದಡಕ್ಕೆ ತೇಲಿಬಂದ ಪೆಟ್ಟಿಗೆಗಳ ಹತ್ತಿರ ಹೋಗಬೇಡಿ ಎಂದು ಮೀನುಗಾರರಿಗೆ ಎಚ್ಚರಿಸಿದ್ದು ಸುಮ್ಮನೆ ಅಲ್ಲ.

ನಮ್ಮ ನೈಟ್ರಿಕ್ ಆ್ಯಸಿಡ್ 2031. ಆದರೆ ಸಂಖ್ಯೆ ಸಿಕ್ಕಿದಲ್ಲಿಗೆ ಕೆಲಸ ಮುಗಿಯಲಿಲ್ಲ. ಪಟ್ಟಿಯಲ್ಲಿ 2031ರ ಎದುರು ಒಂದಲ್ಲ, ಮೂರು ಸಾಲುಗಳಿವೆ. ಆ್ಯಸಿಡ್ 65 ಶೇಕಡಾಕ್ಕಿಂತ ಕಡಿಮೆಯಿದ್ದರೆ ಅದು ಬರೀ 8ನೆಯ ವರ್ಗ, ಅಂದರೆ ಚರ್ಮ, ಲೋಹ ತಿನ್ನುವಂಥದ್ದು. 65ರಿಂದ 70ರವರೆಗಿದ್ದರೆ 8ರ ಜೊತೆಗೆ 5.1, ಅಂದರೆ ಉತ್ಕರ್ಷಕ ಎಂಬ ಉಪ ಅಪಾಯವೂ ಸೇರುತ್ತದೆ. 70 ದಾಟಿದರೆ ಅವೇ ಎರಡು ಅಪಾಯ, ಆದರೆ ಪ್ಯಾಕಿಂಗ್ ಗುಂಪು ಎರಡರಿಂದ ಒಂದಕ್ಕೆ ಏರುತ್ತದೆ. ಪ್ಯಾಕಿಂಗ್ ಗುಂಪೆಂದರೆ ಅಪಾಯದ ತೀವ್ರತೆ. ಒಂದು ಅತಿ ಹೆಚ್ಚು, ಮೂರು ಕಡಿಮೆ. ಇನ್ನು ಕೆಂಪು ಹೊಗೆಯಾಡುವ ನೈಟ್ರಿಕ್ ಆ್ಯಸಿಡ್ಡಿಗೆ ಸಂಖ್ಯೆಯೇ ಬೇರೆ, 2032. ವಿಷದ ಲೇಬಲ್ಲೂ ಅದಕ್ಕೆ ಬೇಕು.

ಹಾಗಾಗಿ 64ಕ್ಕೂ 66ಕ್ಕೂ ನಡುವೆ ಇರುವುದು ಎರಡು ಅಂಕಿಯಷ್ಟೇ ಅಲ್ಲ. ಈ ಗಡಿ ಗೊತ್ತಿರುವ ಕೆಲವರು ಕಾಗದದಲ್ಲಿ ಮಾತ್ರ ಆ್ಯಸಿಡ್ಡಿಗೆ ನೀರು ಬೆರೆಸುತ್ತಾರೆ. ಕ್ಯಾನಿನಲ್ಲಿ 68, ಡಿಕ್ಲರೇಶನ್ನಿನಲ್ಲಿ 60. ಒಂದು ಲೇಬಲ್ ಉಳಿಯಿತು, ಶಿಪ್ಪಿಂಗ್ ಲೈನಿನವರ ಪ್ರಶ್ನೆಗಳು ಉಳಿದವು, ಕಂಟೇನರಿನಲ್ಲಿ ಬೇರೆ ಸರಕಿಗೂ ಜಾಗ ಸಿಕ್ಕಿತು ಎಂಬ ಲೆಕ್ಕ. ಇದು ಬುದ್ಧಿವಂತಿಕೆ ಅಂತ ಅವರು ತಿಳಿದಿರುವುದೇ ನನಗೆ ಹೆಚ್ಚು ಕಿರಿಕಿರಿ.

ಈ ಕಳ್ಳಾಟ ಹಿಡಿಯಲು ಪ್ರಯೋಗಾಲಯವೇ ಬೇಕೆಂದಿಲ್ಲ, ಸೇಫ್ಟಿ ಡೇಟಾ ಶೀಟೇ ಹಿಡಿದುಕೊಡುತ್ತದೆ. ಎಸ್‌ಡಿಎಸ್ ಎಂದು ಎಲ್ಲರೂ ಕರೆಯುವ ಈ ಕಾಗದಕ್ಕೆ ಹದಿನಾರು ವಿಭಾಗಗಳು, ಯಾವ ದೇಶದ್ದಾದರೂ ಅದೇ ಕ್ರಮ. ಹೆಚ್ಚಿನವರು ನೇರವಾಗಿ 14ನೆಯ ವಿಭಾಗಕ್ಕೆ ಹೋಗುತ್ತಾರೆ, ಏಕೆಂದರೆ ಸಾಗಣೆಯ ವಿವರ ಅಲ್ಲಿರುತ್ತದೆ. ಸಂಖ್ಯೆ, ವರ್ಗ, ಗುಂಪು ನಕಲಿಸಿಕೊಂಡರೆ ಅವರ ಓದು ಮುಗಿಯಿತು. ಓದಬೇಕಾದ ಕ್ರಮ ಬೇರೆ. ಮೊದಲು 3ನೆಯ ವಿಭಾಗ: ಒಳಗೆ ಏನಿದೆ, ಎಷ್ಟು ಶೇಕಡಾ. ಆಮೇಲೆ 9: ಭೌತಿಕ ಗುಣಗಳು, ಅದರಲ್ಲಿ ಸಾಪೇಕ್ಷ ಸಾಂದ್ರತೆ, ಅಂದರೆ ನೀರಿಗಿಂತ ಎಷ್ಟು ಪಾಲು ಭಾರ. ನೈಟ್ರಿಕ್ ಆ್ಯಸಿಡ್ ಗಟ್ಟಿಯಾದಂತೆ ಭಾರವೂ ಏರುತ್ತದೆ. 20 ಡಿಗ್ರಿಯಲ್ಲಿ 60 ಶೇಕಡಾದ್ದು ಸುಮಾರು 1.37, 65ರದ್ದು 1.39, 68ರದ್ದು 1.40 ದಾಟುತ್ತದೆ. 3ನೆಯ ವಿಭಾಗದಲ್ಲಿ 60 ಎಂದೂ 9ನೆಯದರಲ್ಲಿ 1.41 ಎಂದೂ ಇದ್ದರೆ ಎರಡರಲ್ಲಿ ಒಂದು ಸುಳ್ಳು. ಅನುಮಾನ ಬಂದರೆ ತೂಕದ ಯಂತ್ರ ಇದ್ದೇ ಇದೆ. 35 ಲೀಟರ್ ತುಂಬಿದ ಕ್ಯಾನಿನ ತೂಕದಲ್ಲಿ ಖಾಲಿ ಕ್ಯಾನಿನ ತೂಕ ಕಳೆದರೆ 60 ಶೇಕಡಾದ್ದು 48 ಕಿಲೋ ಮುಟ್ಟುವುದಿಲ್ಲ, 68ರದ್ದು 49 ದಾಟುತ್ತದೆ. ಅಳತೆ ಸರಿಯಾಗಿ ತುಂಬಿದ ಕ್ಯಾನುಗಳಾದರೆ ಅಷ್ಟು ವ್ಯತ್ಯಾಸ ಕಾಣಲು ಸಾಕು.

ಮೋಸ ಮಾಡುವವರಿಗಿಂತ ಹೆಚ್ಚಾಗಿ ನನಗೆ ಸಿಗುವವರು ನಕಲು ಮಾಡುವವರು. ಯಾವುದೋ ಕಂಪನಿಯ ಎಸ್‌ಡಿಎಸ್ ತೆಗೆದು, ಮೇಲಿನ ಹೆಸರು ಬದಲಿಸಿ, ತಮ್ಮದು ಮಾಡಿಕೊಂಡಿರುತ್ತಾರೆ. ಒಂದು ಕಾಗದದಲ್ಲಿ ತುರ್ತು ಕರೆಯ ಸಂಖ್ಯೆ ಬೇರೆ ಖಂಡದ್ದಿತ್ತು. ಚೆನ್ನೈ ಹೆದ್ದಾರಿಯಲ್ಲಿ ಕ್ಯಾನು ಒಡೆದರೆ ಡ್ರೈವರ್ ಅಲ್ಲಿಗೆ ಫೋನು ಹಚ್ಚಬೇಕಿತ್ತೇನೋ. ಪರಿಷ್ಕರಣೆಯ ದಿನಾಂಕ ಹತ್ತು ವರ್ಷ ಹಳೆಯದಿದ್ದರೂ ಅದೇ ಅನುಮಾನ ಪಡಬೇಕು.

ಇನ್ನೊಂದು ಗೊಂದಲವನ್ನು ಇಲ್ಲಿಯೇ ಬಿಡಿಸಬೇಕು, ಏಕೆಂದರೆ ಓದಿದವರೂ ಇದರಲ್ಲಿ ಎಡವುತ್ತಾರೆ. 68 ಶೇಕಡಾ ನೈಟ್ರಿಕ್ ಆ್ಯಸಿಡ್ಡಿನ ಎಸ್‌ಡಿಎಸ್ ತೆರೆದರೆ 2ನೆಯ ವಿಭಾಗದಲ್ಲಿ ಕೆಂಪು ಅಂಚಿನ ಬಿಳಿ ಚೌಕಗಳು ಕಾಣುತ್ತವೆ. ವೃತ್ತದ ಮೇಲೆ ಜ್ವಾಲೆ, ಕೈ ಮತ್ತು ಲೋಹವನ್ನು ಕೊರೆಯುತ್ತಿರುವ ದ್ರವ. ಇತ್ತೀಚಿನ ಹಲವು ಕಾಗದಗಳಲ್ಲಿ ತಲೆಬುರುಡೆಯೂ ಇರುತ್ತದೆ, ಏಕೆಂದರೆ ಆವಿ ಉಸಿರಾಡಿದರೆ ವಿಷ. ಹಾಗಾದರೆ ಕ್ಯಾನಿನ ಮೇಲೆ ವಿಷದ ಸಾಗಣೆ ಲೇಬಲ್ಲೂ ಬೇಕಲ್ಲವೇ? ಬೇಡ. ಕೆಂಪು ಅಂಚಿನ ಚಿತ್ರಗಳು ಕ್ಯಾನು ತೆರೆದು ಕೆಲಸ ಮಾಡುವವನಿಗಾಗಿ. ವರ್ಷಗಟ್ಟಲೆ ಅದರ ಬಳಿ ನಿಲ್ಲುವವನ ಅಪಾಯವನ್ನೂ ಆ ಪದ್ಧತಿ ಲೆಕ್ಕಕ್ಕೆ ಹಿಡಿಯುತ್ತದೆ. ಸಾಗಣೆಯ ಲೇಬಲ್ ಮುಚ್ಚಿದ ಕ್ಯಾನನ್ನು ಹೊರುವವನಿಗೆ, ಒಡೆದ ಕ್ಯಾನಿನ ಎದುರು ನಿಂತವನಿಗೆ. ಪಟ್ಟಿಯಲ್ಲಿ ಹೆಸರು ಹಿಡಿದು ಬರೆದಿರುವ ವಸ್ತುವಿಗೆ ಪಟ್ಟಿ ಹೇಳಿದಷ್ಟೇ ಲೇಬಲ್, ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಉಲ್ಟಾ ಉದಾಹರಣೆಯೂ ಇದೆ. 75 ಡಿಗ್ರಿಯಲ್ಲಿ ಕಿಡಿಗೆ ಹತ್ತಿಕೊಳ್ಳುವ ಎಣ್ಣೆಯೊಂದರ ಎಸ್‌ಡಿಎಸ್ ಅದನ್ನು ಉರಿಯುವ ದ್ರವ ಎನ್ನಬಹುದು. ಸಾಗಣೆಯ ನಿಯಮದಲ್ಲಿ 3ನೆಯ ವರ್ಗದ ಗಡಿ ಸಾಮಾನ್ಯವಾಗಿ 60 ಡಿಗ್ರಿ. ಬೇರೆ ಅಪಾಯವಿಲ್ಲದಿದ್ದರೆ ಆ ಎಣ್ಣೆ ಸಾದಾ ಸರಕಾಗಿಯೇ ಹೋಗುತ್ತದೆ.

ಈಗ ಕ್ಯಾನಿಗೆ ಬರೋಣ. ನೀಲಿ ಪ್ಲಾಸ್ಟಿಕ್ ಕ್ಯಾನುಗಳೆಲ್ಲ ನೋಡಲು ಒಂದೇ ಥರ. ಆದರೆ ಅಪಾಯಕಾರಿ ಸರಕಿಗೆ ಬಳಸುವ ಕ್ಯಾನಿನ ಮೈಮೇಲೆ ಒಂದು ಸಾಲು ಅಚ್ಚಾಗಿರುತ್ತದೆ. ವೃತ್ತದೊಳಗೆ ಒಂದರ ಕೆಳಗೊಂದು u ಮತ್ತು n ಅಕ್ಷರ, ಅದರ ಪಕ್ಕದಲ್ಲಿ ಈ ಬಗೆಯ ಬರಹ:

```
3H1/Y1.9/150/24/IND
```

ಇದನ್ನು ಓದಲು ಕಲಿತವನಿಗೆ ಕ್ಯಾನು ತನ್ನ ಜಾತಕವನ್ನೇ ಹೇಳಿಬಿಡುತ್ತದೆ. 3 ಎಂದರೆ ಜೆರ್ರಿಕ್ಯಾನ್, H ಎಂದರೆ ಪ್ಲಾಸ್ಟಿಕ್, ಮುಂದಿನ 1 ಎಂದರೆ ಮೇಲ್ಭಾಗ ಇಡಿಯಾಗಿ ತೆರೆಯುವಂಥದ್ದಲ್ಲ, ಸಣ್ಣ ಬಾಯಿ ಮಾತ್ರ. Y ಎಂದರೆ ಎರಡನೆಯ ಮತ್ತು ಮೂರನೆಯ ಪ್ಯಾಕಿಂಗ್ ಗುಂಪಿಗೆ ಆಗುತ್ತದೆ. ಒಂದನೆಯ ಗುಂಪಿಗೆ X ಬೇಕು. 1.9 ಎಂದರೆ ಅಷ್ಟು ಸಾಪೇಕ್ಷ ಸಾಂದ್ರತೆಯ ದ್ರವದವರೆಗೆ ಪರೀಕ್ಷೆಯಾಗಿದೆ. 150 ಒತ್ತಡದ ಪರೀಕ್ಷೆ, ಕಿಲೋಪಾಸ್ಕಲ್‌ಗಳಲ್ಲಿ. 24 ತಯಾರಾದ ವರ್ಷ. IND ಪ್ರಮಾಣ ಪತ್ರ ಕೊಟ್ಟ ದೇಶ. ಆಮೇಲೆ ತಯಾರಕರ ಗುರುತು ಬರುತ್ತದೆ. ನಮ್ಮಲ್ಲಿ ಈ ಪ್ರಮಾಣ ಪತ್ರ ಕೊಡುವುದು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಪ್ಯಾಕೇಜಿಂಗ್. ಎತ್ತರದಿಂದ ಬೀಳಿಸಿ, ಒಂದರ ಮೇಲೊಂದು ಪೇರಿಸಿ, ಒಳಗಿನಿಂದ ಒತ್ತಡ ಹಾಕಿ ನೋಡಿಯೇ ಕೊಡುತ್ತಾರೆ.

ನಮ್ಮ ಆ್ಯಸಿಡ್ ಎರಡನೆಯ ಗುಂಪಿನದು, ಸಾಂದ್ರತೆ 1.41ರ ಹತ್ತಿರ. ಹಾಗಾಗಿ ಮೇಲಿನ ಕ್ಯಾನು ಆದೀತು. ಆದರೆ ಸಾಲಿನಲ್ಲಿ Y ಆದ ಮೇಲೆ ಅಂಕಿಯೇ ಇಲ್ಲದಿದ್ದರೆ? ಅಂಥ ಕ್ಯಾನು 1.2ರವರೆಗೆ ಮಾತ್ರ. ಅಗ್ಗಕ್ಕೆ ಸಿಗುತ್ತವೆಂದು ಇವನ್ನು ತಂದು ಆ್ಯಸಿಡ್ ತುಂಬಿಸಿದವರಿದ್ದಾರೆ. ಒಂದರ ಮೇಲೊಂದು ಪೇರಿಸಿದಾಗ ತಳದ ಸಾಲಿನವು ಹೊಟ್ಟೆ ಉಬ್ಬಿಸಿಕೊಂಡು ನಿಂತಿದ್ದನ್ನು ನೋಡಿದ್ದೇನೆ.

ಇನ್ನೊಂದು ಸೂಕ್ಷ್ಮ ಕ್ಯಾನಿನ ಮೈಮೇಲೆಯೇ ಇದೆ. ಬೆರಳುಗುರಿನಷ್ಟು ದೊಡ್ಡ ಗಡಿಯಾರದಂಥ ಅಚ್ಚು, ಸುತ್ತ 1ರಿಂದ 12, ನಡುವೆ ಬಾಣ. ಕ್ಯಾನು ಯಾವ ತಿಂಗಳು ಅಚ್ಚಿನಿಂದ ಹೊರಬಂತೆಂದು ಅದು ತೋರಿಸುತ್ತದೆ. ಸಾಮಾನ್ಯವಾಗಿ ಇಂಥ ಪ್ಲಾಸ್ಟಿಕ್ ಕ್ಯಾನನ್ನು ತಯಾರಾದಂದಿನಿಂದ ಐದು ವರ್ಷ ಬಳಸಬಹುದು. ಆದರೆ 55 ಶೇಕಡಾಕ್ಕಿಂತ ಗಟ್ಟಿಯಾದ ನೈಟ್ರಿಕ್ ಆ್ಯಸಿಡ್ಡಿಗೆ ಎರಡೇ ವರ್ಷ. ಮರಕ್ಕೆ ಮಾಡಿದ್ದನ್ನೇ ಈ ಆ್ಯಸಿಡ್ ನಿಧಾನವಾಗಿ ಪ್ಲಾಸ್ಟಿಕ್ಕಿಗೂ ಮಾಡುತ್ತದೆ. ಕ್ಯಾನು ಹಳದಿಗಟ್ಟುತ್ತದೆ, ಬಿರುಸಾಗುತ್ತದೆ, ಒಂದು ದಿನ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ವಿದೇಶಕ್ಕೆ ಹೋಗುವ ಸರಕಿಗೆ ಗೋಡೌನಿನಲ್ಲಿ ಉಳಿದಿದ್ದ ಹಳೆಯ ಕ್ಯಾನು ತುಂಬಿಸುವುದು ತೀರಾ ಸಾಮಾನ್ಯ ಚಾಳಿ. ಆ ಪುಟ್ಟ ಗಡಿಯಾರದ ಮೇಲೆ ಟಾರ್ಚು ಬಿಟ್ಟು ನೋಡಲು ಒಂದು ಕ್ಯಾನಿಗೆ ಕೆಲವು ಸೆಕೆಂಡು ಸಾಕು.

ಮೇಲೆ ಅಂಟಿಸುವ ಲೇಬಲ್ಲುಗಳು ಎರಡು, ಓರೆಯಾಗಿ ನಿಲ್ಲಿಸಿದ ಚೌಕಗಳು, ಬದಿ ಹತ್ತು ಸೆಂಟಿಮೀಟರ್. ಒಂದು ಅರ್ಧ ಬಿಳಿ ಅರ್ಧ ಕಪ್ಪು, 8 ಎಂದು ಬರೆದದ್ದು. ಇನ್ನೊಂದು ಹಳದಿ, ವೃತ್ತದ ಮೇಲೆ ಜ್ವಾಲೆ, 5.1. ಜೊತೆಗೆ ಸಂಖ್ಯೆ ಮತ್ತು ನಿಯಮದಲ್ಲಿರುವ ಸರಿಯಾದ ಹೆಸರು. ವ್ಯಾಪಾರದ ಹೆಸರು, ಬ್ರ್ಯಾಂಡಿನ ಹೆಸರು ನಡೆಯುವುದಿಲ್ಲ. ಕಚೇರಿಯ ಪ್ರಿಂಟರಿನಲ್ಲಿ ಕಾಗದದ ಮೇಲೆ ಅಚ್ಚು ಹಾಕಿ ಸೆಲ್ಲೋಟೇಪು ಹಚ್ಚಿದ ಲೇಬಲ್ಲು ಎಷ್ಟು ಚೆನ್ನಾಗಿದ್ದರೂ ಹಡಗಿಗೆ ಆಗದು. ಕ್ಯಾನು ಮೂರು ತಿಂಗಳು ಸಮುದ್ರದ ನೀರಿನಲ್ಲಿ ಮುಳುಗಿದ್ದರೂ ಲೇಬಲ್ಲಿನ ಮಾಹಿತಿ ಗುರುತು ಸಿಗಬೇಕೆಂದು ನಿಯಮ. ಕೇಳಿದವರು ನಗುತ್ತಾರೆ. ದಡಕ್ಕೆ ತೇಲಿಬಂದ ಕ್ಯಾನನ್ನು ಮೊದಲು ಮುಟ್ಟುವವನು ಯಾರೆಂದು ಯೋಚಿಸಿದರೆ ನಗು ನಿಲ್ಲುತ್ತದೆ.

ಇನ್ನು ಕಂಟೇನರು ತುಂಬುವುದು. 200 ಕ್ಯಾನು ಇಟ್ಟರೂ ಇಪ್ಪತ್ತಡಿ ಕಂಟೇನರಿನಲ್ಲಿ ಜಾಗ ಉಳಿಯುತ್ತದೆ. ಬಾಡಿಗೆ ಪೂರ್ತಿ ಕೊಟ್ಟ ಮೇಲೆ ಖಾಲಿ ಯಾಕೆ ಬಿಡಬೇಕು, ನಮ್ಮ ಥಿನ್ನರಿನ ಡ್ರಮ್ಮುಗಳೂ ಹೋಗಲಿ ಎನ್ನುತ್ತಾನೆ ವ್ಯಾಪಾರಿ. ಇಲ್ಲಿಯೇ ಆ ಹಳದಿ ಲೇಬಲ್ ತನ್ನ ಬೆಲೆ ತೋರಿಸುವುದು. 5.1 ಇದ್ದ ಸರಕಿನ ಜೊತೆ 3ನೆಯ ವರ್ಗದ ಉರಿಯುವ ದ್ರವವನ್ನು ಒಂದೇ ಕಂಟೇನರಿನಲ್ಲಿ ಇಡುವ ಹಾಗಿಲ್ಲ. ಹಡಗಿನಲ್ಲೂ ಅವೆರಡರ ನಡುವೆ ಅಂತರ ಬೇಕು. ಕಾಗದದಲ್ಲಿ 60 ಎಂದು ಬರೆದು ಹಳದಿ ಲೇಬಲ್ ತಪ್ಪಿಸಿದವನಿಗೆ ವರ್ಗಗಳ ಕೋಷ್ಟಕದಲ್ಲಿ ಈ ತಡೆ ಸಿಗದೇ ಹೋಗಬಹುದು. ಕೋಷ್ಟಕ ಬಿಟ್ಟರೂ ರಸಾಯನ ಬಿಡುವುದಿಲ್ಲ. ಅಂಥ ಜೋಡಿಯನ್ನು ಎಸ್‌ಡಿಎಸ್‌ನ 10ನೆಯ ವಿಭಾಗ ನೇರವಾಗಿ ಬೇಡವೆನ್ನುತ್ತದೆ. ಯಾವುದರ ಜೊತೆ ಸೇರಿಸಬಾರದೆಂಬ ಪಟ್ಟಿ ಅಲ್ಲಿದೆ: ಆಲ್ಕೋಹಾಲ್, ಅಸಿಟೋನ್, ಲೋಹದ ಪುಡಿ, ಕ್ಷಾರ, ಮರ.

ಪಟ್ಟಿಯ ಕೊನೆಯ ಹೆಸರು ತಲೆನೋವಿನದು. ಕಂಟೇನರಿನ ಹೊರಮೈ ಉಕ್ಕು, ನೆಲ ಮಾತ್ರ ಸಾಮಾನ್ಯವಾಗಿ ಪ್ಲೈವುಡ್. ಕ್ಯಾನು ಕೂರುವ ಪ್ಯಾಲೆಟ್ ಮರ, ಅಲುಗಾಡದಂತೆ ನಡುವೆ ತುರುಕುವ ಪಟ್ಟಿಗಳೂ ಮರ. ಪ್ಯಾನ್ ಆಮ್ ವಿಮಾನದ ಹೊಟ್ಟು ಇಲ್ಲಿ ಹಲಗೆಯಾಗಿ ಬಂದು ಕೂತಿದೆ. ಅನುಭವಿ ರಫ್ತುದಾರರು ಪ್ಲಾಸ್ಟಿಕ್ ಪ್ಯಾಲೆಟ್ ಬಳಸುತ್ತಾರೆ, ನೆಲಕ್ಕೆ ದಪ್ಪ ಪಾಲಿಥೀನ್ ಹಾಸಿ ಅಂಚುಗಳನ್ನು ಮೇಲಕ್ಕೆ ಮಡಚುತ್ತಾರೆ, ಒಂದೂ ಕ್ಯಾನು ಓರೆಯಾಗದಂತೆ ಬಿಗಿಯುತ್ತಾರೆ. ಆಮೇಲೆ ತುಂಬಿಸಿದವನು ಸಹಿ ಹಾಕುವ ಪ್ಯಾಕಿಂಗ್ ಪ್ರಮಾಣ ಪತ್ರ, ಕಳಿಸುವವನು ಸಹಿ ಹಾಕುವ ಡಿಕ್ಲರೇಶನ್. ಕಂಟೇನರಿನ ನಾಲ್ಕೂ ಬದಿಗೆ ಇಪ್ಪತ್ತೈದು ಸೆಂಟಿಮೀಟರಿನ ದೊಡ್ಡ ಲೇಬಲ್ಲುಗಳು. ಒಂದೇ ಅಪಾಯಕಾರಿ ಸರಕು ನಾಲ್ಕು ಟನ್ ಮೀರಿದ್ದರಿಂದ 2031 ಎಂಬ ಸಂಖ್ಯೆಯೂ ಹೊರಗೆ ಕಾಣಬೇಕು. ಸಹಿ ಹಾಕಿದವನೇ ಹೊಣೆ. ಏಜೆಂಟ್ ತುಂಬಿಸಿಕೊಟ್ಟ ಫಾರಂ, ನಾನು ಬರೀ ಸಹಿ ಹಾಕಿದೆ ಎಂಬ ಮಾತಿಗೆ ಬೆಲೆಯಿಲ್ಲ.

ಬೆಂಗಳೂರಿನ ಕಾರ್ಖಾನೆಯಿಂದ ವೈಟ್‌ಫೀಲ್ಡಿನವರೆಗೆ ರಸ್ತೆ. ಅಲ್ಲಿ ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳು ಬರುತ್ತವೆ. ಡ್ರೈವರಿಗೆ ಅಪಾಯಕಾರಿ ಸರಕಿನ ತರಬೇತಿಯಾಗಿ ಲೈಸೆನ್ಸಿನಲ್ಲಿ ಅದು ನಮೂದಾಗಿರಬೇಕು, ಕೈಯಲ್ಲಿ ಟ್ರೆಮ್ ಕಾರ್ಡ್ ಇರಬೇಕು, ಲಾರಿಯ ಮೇಲೆ ತುರ್ತು ಮಾಹಿತಿಯ ಫಲಕ ಇರಬೇಕು. ಹೆದ್ದಾರಿಯಲ್ಲಿ ಟ್ಯಾಂಕರುಗಳ ಹಿಂದೆ ನೀವು ನೋಡಿರುವುದು ಇದನ್ನೇ: ಸರಕಿನ ಹೆಸರು, ನಾಲ್ಕಂಕಿ, ವರ್ಗದ ಚಿತ್ರ, ಫೋನ್ ಸಂಖ್ಯೆ, ಮತ್ತು ಅಂಕಿ-ಅಕ್ಷರ ಸೇರಿದ ಪುಟ್ಟ ಸಂಕೇತ. ಈ ಸಂಕೇತಕ್ಕೆ ಹ್ಯಾಝ್‌ಕೆಮ್ ಎನ್ನುತ್ತಾರೆ. ಅದು ಅಗ್ನಿಶಾಮಕದವರಿಗಾಗಿ. ಮೊದಲ ಅಂಕಿ ಏನು ಬಳಸಬೇಕೆಂದು ಹೇಳುತ್ತದೆ: 1 ಆದರೆ ನೀರಿನ ದಪ್ಪ ಸಿಂಪರಣೆ, 2 ಆದರೆ ಮಂಜಿನಂಥ ಸಿಂಪರಣೆ, 3 ಆದರೆ ನೊರೆ, 4 ಆದರೆ ಒಣ ಪುಡಿ, ನೀರು ಸಲ್ಲದು. ಕೊನೆಯಲ್ಲಿ E ಇದ್ದರೆ ಸುತ್ತಲಿನ ಜನರನ್ನು ತೆರವು ಮಾಡುವುದನ್ನು ಯೋಚಿಸಬೇಕು. ಅಪಘಾತವಾದ ಲಾರಿಯ ಪಕ್ಕ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯುವವರು ದೂರದಿಂದ ಆ ಫಲಕದ ಚಿತ್ರ ತೆಗೆದು ಅಗ್ನಿಶಾಮಕ ಠಾಣೆಗೆ ಓದಿ ಹೇಳಿದರೆ ಅದಕ್ಕಿಂತ ದೊಡ್ಡ ಉಪಕಾರ ಬೇರೆಯಿಲ್ಲ.

ಮೇಸ್ತ್ರಿ ಕೇಳಿದ ಪ್ರಶ್ನೆ ಬಾಕಿ ಉಳಿದಿದೆ. ಚೆಲ್ಲಿದರೆ ಏನು ಹಾಕಬೇಕು? 6ನೆಯ ವಿಭಾಗ ಹೇಳುತ್ತದೆ: ಒಣ ಮರಳು ಅಥವಾ ಉರಿಯದ ಬೇರೆ ಹೀರುವ ವಸ್ತು, ಹೊಟ್ಟು, ಬಟ್ಟೆ, ಗೋಣಿ ಯಾವುದೂ ಬೇಡ. ಕಂದು ಹೊಗೆ ಕಂಡರೆ ಗಾಳಿ ಬರುವ ದಿಕ್ಕಿಗೆ ಸರಿಯಬೇಕು. 4ನೆಯ ವಿಭಾಗದಲ್ಲಿ ಇನ್ನೊಂದು ಸಾಲಿದೆ, ಪ್ರತಿ ಗೋಡೌನಿನಲ್ಲೂ ಕನ್ನಡದಲ್ಲಿ ಬರೆದು ತೂಗುಹಾಕಬೇಕಾದ ಸಾಲು. ಆ ಹೊಗೆ ಕುಡಿದವನು ಸ್ವಲ್ಪ ಕೆಮ್ಮಿ, ಏನೂ ಆಗಿಲ್ಲವೆಂದು ಮನೆಗೆ ಹೋಗಿ ಊಟ ಮಾಡಬಹುದು. ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದು ಹಲವು ಗಂಟೆಗಳ ನಂತರ, ಬಹಳ ಸಲ ರಾತ್ರಿಯ ಹೊತ್ತು. ಅದಕ್ಕೇ ಆರಾಮಾಗಿ ಕಂಡರೂ ಆಸ್ಪತ್ರೆಗೆ ಕರೆದೊಯ್ದು ನಿಗಾದಲ್ಲಿಡಬೇಕು, ಎಸ್‌ಡಿಎಸ್‌ನ ಪ್ರತಿಯನ್ನೂ ಜೊತೆಗೆ ಕೊಡಬೇಕು.

ಎಲ್ಲ ಕಾಗದ ಸರಿಯಿದ್ದ ಮಾತ್ರಕ್ಕೆ ಕ್ಯಾನು ಸೋರುವುದಿಲ್ಲವೆಂದಲ್ಲ. 2021ರ ಮೇ ತಿಂಗಳಲ್ಲಿ ಎಕ್ಸ್-ಪ್ರೆಸ್ ಪರ್ಲ್ ಎಂಬ ಹೊಸ ಹಡಗು ನಮ್ಮ ಪಶ್ಚಿಮ ಕರಾವಳಿಯುದ್ದಕ್ಕೂ ಇಳಿದು ಕೊಲಂಬೊ ತಲುಪಿತು. ಅದರಲ್ಲಿದ್ದ 1,486 ಕಂಟೇನರುಗಳಲ್ಲಿ ಇಪ್ಪತ್ತೈದು ಟನ್ ನೈಟ್ರಿಕ್ ಆ್ಯಸಿಡ್ಡೂ ಇತ್ತು. ಆ್ಯಸಿಡ್ ಕಂಟೇನರು ಸೋರುತ್ತಿರುವುದು ದಿನಗಳ ಮೊದಲೇ ಸಿಬ್ಬಂದಿಗೆ ತಿಳಿದಿತ್ತು. ಸರಕಿನ ಗುರುತಿನಲ್ಲಿ ಗೊಂದಲವಿರಲಿಲ್ಲ. ಒಳಗಿರುವುದು ಏನೆಂದು ಗೊತ್ತಿತ್ತು. ಕತಾರಿನ ಹಮಾದ್ ಬಂದರಿನಲ್ಲೂ ಗುಜರಾತಿನ ಹಜೀರಾದಲ್ಲೂ ಅದನ್ನು ಇಳಿಸಲು ಕೇಳಿದರು, ಸೌಲಭ್ಯವಿಲ್ಲವೆಂಬ ಉತ್ತರ ಬಂತು. ಮೇ 20ರಂದು ಕೊಲಂಬೊ ಹೊರವಲಯದಲ್ಲಿ ಹೊಗೆ ಕಾಣಿಸಿತು, 25ರಂದು ಸ್ಫೋಟವಾಯಿತು, ಜೂನ್ 2ರಂದು ಹಡಗು ತಳ ಸೇರಿತು. ಅದರಲ್ಲಿದ್ದ ಪ್ಲಾಸ್ಟಿಕ್ ಹರಳುಗಳು ಶ್ರೀಲಂಕಾದ ಪಶ್ಚಿಮ ದಡದ ಮರಳಿನಲ್ಲಿ ಬೆರೆತುಹೋದವು.

ನಿಯಮಗಳ ಮಿತಿ ಇಲ್ಲಿ ಕಾಣುತ್ತದೆ. ಲೇಬಲ್ ಒಳಗೇನಿದೆ ಎಂದು ಹೇಳಬಲ್ಲದು. ಸೋರುತ್ತಿರುವ ಕಂಟೇನರನ್ನು ಇಳಿಸಿಕೊಳ್ಳುವ ಅಂಗಳ, ಅದಕ್ಕೆ ಬೇಕಾದ ಉಪಕರಣ, ತರಬೇತಾದ ಜನ ಇವನ್ನು ಬಂದರುಗಳೇ ಇಟ್ಟುಕೊಳ್ಳಬೇಕು. ತಮ್ಮ ಅಂಗಳದಲ್ಲಿ ಬೇಡ ಎಂದು ಕಳಿಸಿಬಿಡುವುದು ಯಾವ ಬಂದರಿಗೂ ಸುಲಭ. ಸಮುದ್ರದ ನಡುವೆ ಇರುವವರಿಗೆ ಮಾತ್ರ ಮುಂದಿನ ಬಂದರೆಂಬುದು ಇರಲೇಬೇಕು.

ನಮ್ಮ 200 ಕ್ಯಾನುಗಳು ಯಾವ ತೊಂದರೆಯೂ ಇಲ್ಲದೆ ಗಿರಾಕಿಯನ್ನು ಮುಟ್ಟಿದವೆಂದೇ ಇಟ್ಟುಕೊಳ್ಳಿ. ಆ್ಯಸಿಡ್ ಖರ್ಚಾಯಿತು. ಖಾಲಿ ಕ್ಯಾನು? ಕೋಡಿನ ಪ್ರಕಾರ ತೊಳೆಯದ ಖಾಲಿ ಕ್ಯಾನೂ ತುಂಬಿದ ಕ್ಯಾನಿನಷ್ಟೇ ಅಪಾಯಕಾರಿ ಸರಕು. ಒಳಗೆ ಉಳಿದ ಲೋಟದಷ್ಟು ಆ್ಯಸಿಡ್, ತುಂಬಿಕೊಂಡ ಆವಿ ಎರಡೂ ಹೋಗುವವರೆಗೆ 8 ಮತ್ತು 5.1ರ ಲೇಬಲ್ ಕೀಳುವಂತಿಲ್ಲ. ಕಾಗದದಲ್ಲಿ ಖಾಲಿ, ತೊಳೆಯದ್ದು ಎಂದು ನಮೂದಿಸಿಯೇ ಸಾಗಿಸಬೇಕು. ತೊಳೆದ ಮೇಲೆ ಲೇಬಲ್ ಕಿತ್ತುಹಾಕುವುದೂ ಅಷ್ಟೇ ಕಡ್ಡಾಯ, ಇಲ್ಲದಿದ್ದರೆ ಜನ ಲೇಬಲ್ ನೋಡಿದರೂ ಹೆದರದಂತಾಗುತ್ತಾರೆ. ನಮ್ಮ ಗುಜರಿ ಅಂಗಡಿಗಳಲ್ಲಿ ಆಗುವುದು ಇದರ ತಿರುಗುಮುರುಗು. ಲೇಬಲ್ ಮೊದಲು ಹೋಗುತ್ತದೆ, ತೊಳೆಯುವುದು ಆಮೇಲೆ, ಎಷ್ಟೋ ಸಲ ಕೊಂಡವರ ಮನೆಯಲ್ಲಿ. ಕಟ್ಟಡ ಕಟ್ಟುವಲ್ಲಿ ಕೂಲಿಯವರು ಕುಡಿಯುವ ನೀರಿಗೆ ಇಟ್ಟುಕೊಳ್ಳುವ ನೀಲಿ ಕ್ಯಾನುಗಳನ್ನು ಒಮ್ಮೆ ತಿರುಗಿಸಿ ನೋಡಿ. ಕೆಲವದರ ಮೇಲೆ 3H1 ಎಂಬ ಅಚ್ಚು ಇನ್ನೂ ಸ್ಪಷ್ಟವಾಗಿರುತ್ತದೆ. ಮೊದಲು ಒಳಗೇನಿತ್ತೆಂದು ಹೇಳಬೇಕಿದ್ದ ಲೇಬಲ್ಲಿನ ಜಾಗದಲ್ಲಿ ಅಂಟು ಮಾತ್ರ ಉಳಿದಿರುತ್ತದೆ.